‘ಆಗಲ್ಲ’ ಎನ್ನುವುದಕ್ಕೆ ಚಿಕ್ಕ ಸಾಕ್ಷಿ ಇದೆಯೇ?

ಹತ್ತು ಕೋಣೆಯ ಲಾಡ್ಜಿಗೆ ಹನ್ನೊಂದು ಜನ ಬಂದು, ಪ್ರತಿಯೊಬ್ಬರಿಗೂ ಬೇರೆ ಬೇರೆ ಕೋಣೆಯೇ ಬೇಕು ಎಂದರೆ ಮ್ಯಾನೇಜರ್ ಪುಸ್ತಕ ತೆಗೆಯದೆಯೇ ‘ಆಗಲ್ಲ ಸಾರ್’ ಅನ್ನುತ್ತಾನೆ. ಈ ‘ಆಗಲ್ಲ’ವನ್ನು ತರ್ಕದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬರೆದು ತೋರಿಸಲು ಎಷ್ಟು ಪುಟ ಬೇಕು? ಕಂಪ್ಯೂಟರ್ ವಿಜ್ಞಾನದಲ್ಲಿ ಕೋ-ಎನ್‌ಪಿ ಎಂಬ ಸಮಸ್ಯೆಗಳ ವರ್ಗದ ಸುತ್ತ ಐವತ್ತು ವರ್ಷಗಳಿಂದ ನಡೆದಿರುವ ಹುಡುಕಾಟವೆಲ್ಲ ಇಂಥದೇ ಪ್ರಶ್ನೆಯದು.

ಮೊದಲು ಎನ್‌ಪಿ. ಉತ್ತರ ‘ಹೌದು’ ಆಗಿದ್ದಾಗ ಅದಕ್ಕೊಂದು ಚಿಕ್ಕ ಸಾಕ್ಷಿ ಇರಬೇಕು, ಆ ಸಾಕ್ಷಿಯನ್ನು ಬೇಗ ಪರೀಕ್ಷಿಸಲು ಬರಬೇಕು. ಅಂಥ ಸಮಸ್ಯೆಗಳೆಲ್ಲ ಎನ್‌ಪಿ. ಸಾಕ್ಷಿಯನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಅದೇ ಸಮಸ್ಯೆಯ ಹೌದು-ಇಲ್ಲಗಳನ್ನು ಅದಲುಬದಲು ಮಾಡಿದರೆ ಸಿಗುವುದು ಅದರ ಪೂರಕ. ಎನ್‌ಪಿ ಸಮಸ್ಯೆಗಳ ಪೂರಕಗಳೆಲ್ಲ ಸೇರಿ ಕೋ-ಎನ್‌ಪಿ. ಇಲ್ಲಿ ವಿದ್ಯಾರ್ಥಿಗಳು ಎಡವುವುದುಂಟು: ಕೋ-ಎನ್‌ಪಿ ಎಂದರೆ ‘ಎನ್‌ಪಿಯಲ್ಲಿ ಇಲ್ಲದ್ದು’ ಎಂದಲ್ಲ. ಬೇಗ ಬಿಡಿಸಬಲ್ಲ ಸಮಸ್ಯೆಗಳು ಎರಡರಲ್ಲೂ ಇವೆ.

ಹಾಗಾದರೆ ಸಾಕ್ಷಿಯನ್ನು ಊಹಿಸಿ ಪರೀಕ್ಷಿಸುವ ಎನ್‌ಪಿ ಯಂತ್ರದ ಉತ್ತರವನ್ನೇ ತಿರುಗಿಸಿಬಿಟ್ಟರೆ ಪೂರಕ ಸಿಗುವುದಿಲ್ಲವೇ? ಒಂದು ಚಿಕ್ಕ ಸೂತ್ರ ತೆಗೆದುಕೊಳ್ಳಿ: (x ಅಥವಾ y) ಮತ್ತು (x ಅಲ್ಲ ಅಥವಾ y). y ನಿಜವಾದರೆ ಇಡೀ ಸೂತ್ರ ನಿಜ. ಹಾಗಾಗಿ ‘ಇದನ್ನು ನಿಜ ಮಾಡಲು ಸಾಧ್ಯವೇ’ ಎಂಬುದಕ್ಕೆ ಉತ್ತರ ಹೌದು. ಈಗ ಯಂತ್ರವನ್ನು ತಿರುಗಿಸಿ, ಸೂತ್ರ ಸುಳ್ಳಾದಾಗ ‘ಹೌದು’ ಅನ್ನುವಂತೆ ಮಾಡೋಣ. ಅದು x ನಿಜ, y ಸುಳ್ಳು ಎಂದು ಊಹಿಸುತ್ತದೆ, ಸೂತ್ರ ಸುಳ್ಳಾಗುತ್ತದೆ, ಯಂತ್ರ ಮತ್ತೆ ‘ಹೌದು’ ಅನ್ನುತ್ತದೆ. ಒಂದೇ ಸೂತ್ರಕ್ಕೆ ಎರಡೂ ಯಂತ್ರಗಳು ಹೌದೆಂದವು. ಕಾರಣ ಸರಳ. ಎನ್‌ಪಿ ಯಂತ್ರ ಒಪ್ಪಲು ಒಂದೇ ಒಂದು ಊಹೆ ಫಲಿಸಿದರೆ ಸಾಕು, ಆದರೆ ‘ಸಾಧ್ಯವೇ ಇಲ್ಲ’ ಎನ್ನಲು ಎಲ್ಲ ಊಹೆಗಳೂ ಸೋಲಬೇಕು. ನೂರು ಚರಗಳಿದ್ದರೆ ಆ ಊಹೆಗಳು 2^100.

ಇಷ್ಟು ಓದಿದವರು ‘ಇಲ್ಲ’ ಎನ್ನುವುದಕ್ಕೆ ಚಿಕ್ಕ ಸಾಕ್ಷಿ ಇರಲು ಸಾಧ್ಯವೇ ಇಲ್ಲ ಎಂದುಕೊಂಡರೆ ಅದು ಅವಸರವಾಯಿತು. ಕೆಲವು ಕಡೆ ಅಂಥ ಸಾಕ್ಷಿ ಇದೆ ಎಂದು 1975ರಲ್ಲಿ ವಾನ್ ಪ್ರ್ಯಾಟ್ ತೋರಿಸಿದರು. ಒಂದು ಸಂಖ್ಯೆ ಅವಿಭಾಜ್ಯ ಅಲ್ಲ ಎನ್ನಲು ಅದರ ಒಂದು ಅಪವರ್ತನ ತೋರಿಸಿದರೆ ಮುಗಿಯಿತು. ಅವಿಭಾಜ್ಯ ಎನ್ನುವುದಕ್ಕೆ, ಅಂದರೆ ‘ಅಪವರ್ತನವೇ ಇಲ್ಲ’ ಎನ್ನುವುದಕ್ಕೆ ಏನನ್ನು ತೋರಿಸುವುದು? 47ನ್ನೇ ನೋಡಿ. ಸಾಕ್ಷಿಯಾಗಿ 5 ಎಂಬ ಸಂಖ್ಯೆಯನ್ನು ಕೊಡುತ್ತೇವೆ. 5^46ನ್ನು 47ರಿಂದ ಭಾಗಿಸಿದರೆ ಶೇಷ 1. ಇನ್ನು 46 ಎಂದರೆ 2 × 23. 5^23ರ ಶೇಷ 46, 5^2ರ ಶೇಷ 25, ಎರಡೂ 1 ಅಲ್ಲ. ಅಂದರೆ 5ರ ಘಾತಗಳು 46 ಹೆಜ್ಜೆಗೆ ಮುಂಚೆ 1ಕ್ಕೆ ಮರಳುವುದಿಲ್ಲ, 1ರಿಂದ 46ರವರೆಗಿನ ಪ್ರತಿ ಶೇಷವನ್ನೂ ಮುಟ್ಟುತ್ತವೆ. 47ಕ್ಕೆ ಅಪವರ್ತನ ಇದ್ದಿದ್ದರೆ ಅದು ಈ ಸಾಲಿನಲ್ಲಿ ಬರುತ್ತಲೇ ಇರಲಿಲ್ಲ. ಉಳಿದದ್ದು 23 ಅವಿಭಾಜ್ಯವೇ ಎಂಬ ಅನುಮಾನ. ಅದಕ್ಕೂ ಇಂಥದೇ ಸಾಕ್ಷಿ, ಅದರೊಳಗಿನ 11ಕ್ಕೆ ಮತ್ತೊಂದು. ಹೀಗೆ ಇಳಿಯುತ್ತ ಹೋದರೂ ಒಟ್ಟು ಬರವಣಿಗೆ ದೊಡ್ಡದಾಗುವುದಿಲ್ಲ. ಅವಿಭಾಜ್ಯ ಪರೀಕ್ಷೆ ಹೀಗೆ ಎನ್‌ಪಿ, ಕೋ-ಎನ್‌ಪಿ ಎರಡರಲ್ಲೂ ಬಂದು ಕೂತಿತು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದಕ್ಕೆ ಸಾಕ್ಷಿಯೂ ಬೇಡ, ನೇರವಾಗಿಯೇ ಬೇಗ ಪರೀಕ್ಷಿಸಬಹುದು ಎಂದು ತೋರಿಸಿದರು.

ಆದರೆ ಅವಿಭಾಜ್ಯಗಳಿಗೆ ಸಂಖ್ಯಾಶಾಸ್ತ್ರದ ಆಸರೆ ಇತ್ತು. ಸ್ಟೀಫನ್ ಕುಕ್ 1971ರಲ್ಲಿ ಎನ್‌ಪಿಯ ಅತಿ ಕಷ್ಟದ ಸಮಸ್ಯೆಗಳಲ್ಲೊಂದು ಎಂದು ತೋರಿಸಿದ, ‘ಈ ಸೂತ್ರವನ್ನು ನಿಜ ಮಾಡಲು ಸಾಧ್ಯವೇ’ ಎಂಬ ಸಮಸ್ಯೆಗೆ ಅಂಥ ಆಸರೆ ಕಾಣುವುದಿಲ್ಲ. ಆ ಒಂದು ಸಮಸ್ಯೆಯಲ್ಲಿ ‘ಇಲ್ಲ’ಕ್ಕೆ ಚಿಕ್ಕ ಸಾಕ್ಷಿ ಸಿಕ್ಕರೆ ಎನ್‌ಪಿಯ ಎಲ್ಲ ಸಮಸ್ಯೆಗಳಿಗೂ ಸಿಕ್ಕಂತೆ, ಎರಡೂ ವರ್ಗಗಳು ಒಂದೇ ಆಗುತ್ತವೆ. ಕುಕ್ ಮತ್ತು ರಾಬರ್ಟ್ ರೆಕ್‌ಹೌ 1979ರಲ್ಲಿ ಇದನ್ನು ಸಾಧನೆಗಳ, ಅಂದರೆ ತರ್ಕದ ಹೆಜ್ಜೆಗಳಲ್ಲಿ ಬರೆದ ಸಾಕ್ಷಿಗಳ, ಭಾಷೆಗೆ ತಂದರು: ಎಂದೂ ನಿಜವಾಗದ ಪ್ರತಿಯೊಂದು ಸೂತ್ರಕ್ಕೂ ಚಿಕ್ಕ ಸಾಧನೆ ಕೊಡುವ ಪದ್ಧತಿ ಒಂದಾದರೂ ಇದ್ದರೆ ಎನ್‌ಪಿ ಮತ್ತು ಕೋ-ಎನ್‌ಪಿ ಸಮ. ಇಲ್ಲದಿದ್ದರೆ ಬೇರೆ ಬೇರೆ.

ಲಾಡ್ಜ್ ಮತ್ತೆ ಬರುವುದು ಇಲ್ಲಿ. ‘i ಎಂಬಾತ j ಕೋಣೆಯಲ್ಲಿದ್ದಾನೆ’ ಎಂಬುದು ಒಂದು ಚರ. 11 ಜನಕ್ಕೆ 10 ಕೋಣೆ, ಒಟ್ಟು 110 ಚರಗಳು. ಪ್ರತಿಯೊಬ್ಬನಿಗೂ ಕೋಣೆ ಸಿಗಬೇಕು ಎನ್ನಲು 11 ಷರತ್ತು, ಒಂದು ಕೋಣೆಯಲ್ಲಿ ಇಬ್ಬರಿರಬಾರದು ಎನ್ನಲು 550. ಈ ಷರತ್ತುಗಳಿಂದ ರೆಸಲ್ಯೂಷನ್ ಎಂಬ ಪದ್ಧತಿಯಲ್ಲಿ ವಿರೋಧಾಭಾಸ ಹೊರಡಿಸಬೇಕು. ಆ ಪದ್ಧತಿಗೆ ಒಂದೇ ನಿಯಮ: ಒಂದು ಷರತ್ತಿನಲ್ಲಿ x, ಇನ್ನೊಂದರಲ್ಲಿ ‘x ಅಲ್ಲ’ ಇದ್ದರೆ ಎರಡನ್ನೂ ಬೆಸೆದು x ತೆಗೆದುಹಾಕು. ಜನರ ಸಂಖ್ಯೆ ಏರಿದಂತೆ ಇಲ್ಲಿ ಸಾಧನೆಯ ಉದ್ದ ಘಾತೀಯವಾಗಿ ಉಬ್ಬುತ್ತದೆ, ಅದನ್ನು ತಪ್ಪಿಸಲು ದಾರಿಯೇ ಇಲ್ಲ ಎಂದು 1985ರಲ್ಲಿ ಆರ್ಮಿನ್ ಹಾಕನ್ ಸಾಧಿಸಿದರು. ಮ್ಯಾನೇಜರಿಗೆ ಕ್ಷಣದಲ್ಲಿ ಗೊತ್ತಾಗುವುದು ಈ ಪದ್ಧತಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅದಕ್ಕೆ ಎಣಿಸಲು ಬಾರದು. ಎರಡೇ ವರ್ಷದಲ್ಲಿ ಸ್ಯಾಮ್ಯುಯೆಲ್ ಬಸ್, ಪಠ್ಯಪುಸ್ತಕದ ಸಾಮಾನ್ಯ ತರ್ಕದಂಥ ಫ್ರೇಗೆ ಪದ್ಧತಿಯಲ್ಲಿ ಎಣಿಕೆಯನ್ನೇ ಸೂತ್ರವಾಗಿ ಬರೆದು ಅದೇ ಮಾತನ್ನು ಚಿಕ್ಕದಾಗಿ ಸಾಧಿಸಿ ತೋರಿಸಿದರು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಣಿಕೆ ಇನ್ನೊಂದು ಕಡೆ ಎಲ್ಲರನ್ನೂ ಬೆಚ್ಚಿಬೀಳಿಸಿತು. ಸಮಯದ ಬದಲು ಮೆಮೊರಿಯ ಮೇಲೆ ಮಿತಿ ಹಾಕಿದ ಊಹೆಯ ಯಂತ್ರಗಳ ಕುರಿತು ಇದೇ ಪೂರಕದ ಪ್ರಶ್ನೆಯನ್ನು ಜಪಾನಿನ ಕುರೋಡಾ 1964ರಲ್ಲೇ ಎತ್ತಿದ್ದರು. 1987ರಲ್ಲಿ ಅಮೆರಿಕದ ನೀಲ್ ಇಮ್ಮರ್‌ಮನ್, ಬ್ರಾಟಿಸ್ಲಾವಾದ ವಿದ್ಯಾರ್ಥಿ ರಾಬರ್ಟ್ ಸೆಲೆಪ್‌ಚೇನಿ ಒಬ್ಬರಿಗೊಬ್ಬರು ತಿಳಿಯದೆ ಉತ್ತರ ಕಂಡರು: ಅಲ್ಲಿ ಪೂರಕವೂ ಅದೇ ವರ್ಗದೊಳಗೆ ಬರುತ್ತದೆ! ಯಂತ್ರದ ಸ್ಥಿತಿಗಳನ್ನು ಊರುಗಳು ಎಂದುಕೊಳ್ಳಿ. ಇಂಥ ಊರಿಗೆ ದಾರಿಯಿಲ್ಲ ಎನ್ನಬೇಕೇ? ಹೊರಟಲ್ಲಿಂದ ಮುಟ್ಟಬಹುದಾದ ಊರುಗಳು ಒಟ್ಟು ಎಷ್ಟು ಎಂದು ಗೊತ್ತಿದ್ದರೆ ಸಾಕು. ಅಷ್ಟು ಊರುಗಳಿಗೂ ಒಂದೊಂದಾಗಿ ದಾರಿ ಊಹಿಸಿ ತೋರಿಸಿ, ಅವುಗಳಲ್ಲಿ ಆ ಊರು ಇಲ್ಲ ಎನ್ನಿ. ಆ ಎಣಿಕೆಯನ್ನು ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು ಹೆಜ್ಜೆ ಎಂದು ಮೆಟ್ಟಿಲು ಹತ್ತಿದಂತೆ ಪಡೆಯಬಹುದು.

ಇದನ್ನೇ ಎನ್‌ಪಿಗೆ ಹಚ್ಚಲಾಗದೇ? ಆಗದು. ಇಲ್ಲಿ ಊರುಗಳೆಂದರೆ ಯಂತ್ರದ ಸ್ಥಿತಿಗಳು, ಅವುಗಳ ಸಂಖ್ಯೆ ಘಾತೀಯ. ಮೆಮೊರಿಯನ್ನಾದರೆ ಒಂದು ಊರು ಎಣಿಸಿ ಅಳಿಸಿ ಮತ್ತೆ ಬಳಸಬಹುದು. ಕಳೆದ ಸಮಯವನ್ನು ಮತ್ತೆ ಬಳಸಲು ಬರುವುದಿಲ್ಲ.

ಎರಡೂ ವರ್ಗ ಬೇರೆ ಎಂದು ಸಾಧಿಸುವುದೂ ಅಷ್ಟೇ ತೊಡಕು. ಬೇಗ ಬಿಡಿಸಬಲ್ಲ ಸಮಸ್ಯೆಗಳ ವರ್ಗ ಪಿಯಲ್ಲಿ ಉತ್ತರ ತಿರುಗಿಸಿದರೂ ಸಮಸ್ಯೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಎನ್‌ಪಿ ಮತ್ತು ಕೋ-ಎನ್‌ಪಿ ಬೇರೆ ಎಂದು ಸಾಧಿಸಿದವರು ಪಿ ಮತ್ತು ಎನ್‌ಪಿ ಬೇರೆ ಎಂಬುದನ್ನೂ ಸಾಧಿಸಿದಂತೆ. ಅದಕ್ಕಿಂತ ಸುಲಭವಾಗಿ ಇದು ಕೈಗೆ ಬರುವುದಿಲ್ಲ. ಬೇಕರ್, ಗಿಲ್, ಸೊಲೊವೇ 1975ರಲ್ಲೇ ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು: ಯಂತ್ರಗಳಿಗೆ ಕೇಳಿದ್ದಕ್ಕೆ ಥಟ್ಟನೆ ಉತ್ತರಿಸುವ ಒಂದು ಬಗೆಯ ಆರಕಲ್ ಕೊಟ್ಟರೆ ಎನ್‌ಪಿ, ಕೋ-ಎನ್‌ಪಿ ಒಂದಾಗುತ್ತವೆ, ಬೇರೊಂದು ಬಗೆಯದನ್ನು ಕೊಟ್ಟರೆ ಬೇರಾಗುತ್ತವೆ. ಯಾವ ಆರಕಲ್ ಇದ್ದರೂ ಹಾಗೇ ನಡೆಯುವ ವಾದದಿಂದ ಈ ಗಂಟು ಬಿಚ್ಚುವುದಿಲ್ಲ.

ಬೇರೆ ಎಂದೇ ಹೆಚ್ಚಿನವರ ನಂಬಿಕೆ. ಆದರೂ ಬಸ್ ಎಣಿಸಿ ತೋರಿಸಿದ ಆ ಫ್ರೇಗೆ ಪದ್ಧತಿಯಲ್ಲಿ ಚಿಕ್ಕ ಸಾಧನೆ ಸಿಗಲಾರದು ಎಂದು ಸಾಧಿಸಲಾದ ಸೂತ್ರಗಳ ಸಾಲು ಇವತ್ತಿಗೂ ಒಂದೂ ಇಲ್ಲ. ಸಿಕ್ಕರೂ ಅದು ಒಂದು ಪದ್ಧತಿಯ ಸೋಲು ಮಾತ್ರ. ಕುಕ್ ಮತ್ತು ರೆಕ್‌ಹೌ ಕೇಳಿದ್ದು ಎಲ್ಲ ಪದ್ಧತಿಗಳ ಬಗ್ಗೆ, ಇನ್ನೂ ಯಾರೂ ಕಟ್ಟದ ಪದ್ಧತಿಗಳನ್ನೂ ಸೇರಿಸಿ.