ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಮತ್ತೆ ಯಾಕೆ ಇಳಿಯುತ್ತದೆ?

ನಲವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ಹಳೆಯ ರಿಪೋರ್ಟುಗಳನ್ನೆಲ್ಲ ಹಿಡಿದುಕೊಂಡು ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹಿಮೋಗ್ಲೋಬಿನ್ ಮೊದಲು 8.4 ಇತ್ತು. ಮೂರು ತಿಂಗಳು ಕಬ್ಬಿಣದ ಮಾತ್ರೆ ತೆಗೆದುಕೊಂಡಾಗ 11.2ಕ್ಕೆ ಏರಿತು. ಮಾತ್ರೆ ನಿಲ್ಲಿಸಿ ಆರು ತಿಂಗಳಾಗುವಷ್ಟರಲ್ಲಿ ಮತ್ತೆ 8.7. "ಬೀಟ್‌ರೂಟು, ಖರ್ಜೂರ, ಸೊಪ್ಪು ಎಲ್ಲಾ ತಿಂತೀನಿ ಮೇಡಂ, ಮೈಗೆ ಹತ್ತುತ್ತಲೇ ಇಲ್ಲ" ಎಂದರು.

ಮುಟ್ಟು ಹೇಗಾಗುತ್ತದೆ ಎಂದು ಕೇಳಿದೆ. "ಅದೆಲ್ಲ ಸರಿಯಾಗಿದೆ, ತಿಂಗಳು ತಿಂಗಳು ತಪ್ಪದೆ ಬರುತ್ತೆ" ಎಂದರು. ತಪ್ಪದೆ ಬರುವುದು ಬೇರೆ, ಎಷ್ಟು ಹೋಗುತ್ತದೆ ಎನ್ನುವುದು ಬೇರೆ. ಹಾಗಾಗಿ ಪ್ಯಾಡ್ ಬಗ್ಗೆ ಕೇಳಿದೆ. ಎರಡನೇ, ಮೂರನೇ ದಿನ ಪ್ರತಿ ತರಗತಿ ಮುಗಿದ ತಕ್ಷಣ ಬದಲಿಸಲು ಓಡಬೇಕು. ರಾತ್ರಿ ಎರಡು ಪ್ಯಾಡ್ ಸೇರಿಸಿ ಹಾಕಿಕೊಂಡು, ಹಾಸಿಗೆ ಮೇಲೆ ಹಳೇ ಟವೆಲ್ ಹಾಸಿ ಮಲಗಬೇಕು. ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬೀಳುತ್ತವೆ. ಅವರ ತಾಯಿಗೂ ಹಾಗೇ ಆಗುತ್ತಿತ್ತಂತೆ. ಅದಕ್ಕೇ ಅವರಿಗೆ ಇದು ಕಾಯಿಲೆ ಅನ್ನಿಸಿರಲೇ ಇಲ್ಲ.

ಈಗ ಲೆಕ್ಕ ನೋಡಿ. ರಕ್ತ ಚೆನ್ನಾಗಿರುವಾಗ ಒಂದು ಮಿಲಿಲೀಟರ್‌ನಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ 30–40 ಮಿ.ಲೀ. ರಕ್ತ ಹೋಗುತ್ತದೆ. 80 ದಾಟಿದರೆ ಜಾಸ್ತಿ ಎನ್ನುತ್ತೇವೆ. ತಿಂಗಳಿಗೆ 120 ಮಿ.ಲೀ. ಹೋದರೆ 60 ಮಿಲಿಗ್ರಾಂ ಕಬ್ಬಿಣ ಹೋದ ಹಾಗೆ, ಅಂದರೆ ದಿನಕ್ಕೆ ಎರಡು. ಚರ್ಮ, ಕರುಳಿನಿಂದ ಎಲ್ಲರಿಗೂ ಹೋಗುವ ಸುಮಾರು ಒಂದು ಮಿಲಿಗ್ರಾಂ ಸೇರಿದರೆ ಮೂರು. ಊಟದಿಂದ ದೇಹ ಹೀರಿಕೊಳ್ಳುವುದು ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಕೊರತೆ ಬಿದ್ದಾಗ ಕರುಳು ಸ್ವಲ್ಪ ಹೆಚ್ಚು ಹೀರುತ್ತದೆ, ಆದರೂ ಈ ಅಂತರವನ್ನು ಬೀಟ್‌ರೂಟ್ ತುಂಬಲಾರದು.

ಮೊದಲು ಖಾಲಿಯಾಗುವುದು ದೇಹದ ದಾಸ್ತಾನು. ಅದನ್ನು ಹೇಳುವ ಪರೀಕ್ಷೆ ಫೆರಿಟಿನ್. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಅಲ್ಲಿಯವರೆಗೆ ರಿಪೋರ್ಟಿನಲ್ಲಿ 12.2 ಇದ್ದರೂ ಸುಸ್ತು, ಕೂದಲು ಉದುರುವುದು, ಹಸಿ ಅಕ್ಕಿ ತಿನ್ನುವ ಆಸೆ ಶುರುವಾಗಿರಬಹುದು. ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ನಾನು ಕೊರತೆ ಎಂದೇ ಚಿಕಿತ್ಸೆ ಕೊಡುತ್ತೇನೆ. ಆದರೆ ಜ್ವರ, ಸೋಂಕು ಇರುವಾಗ ಇದು ಸುಮ್ಮನೆ ಏರಿ ಕೊರತೆಯನ್ನು ಮುಚ್ಚಿಡುತ್ತದೆ. ಇನ್ನೊಂದು ವಿಷಯ: ಹಿಮೋಗ್ಲೋಬಿನ್ ಇಳಿದಂತೆ ಹೋಗುವ ರಕ್ತವೂ ತೆಳುವಾಗುತ್ತದೆ, ಅಷ್ಟೇ ರಕ್ತದಲ್ಲಿ ಕಡಿಮೆ ಕಬ್ಬಿಣ ಹೋಗುತ್ತದೆ. ಅದಕ್ಕೇ ಎಷ್ಟೋ ಜನ 8, 9ರಲ್ಲಿ ವರ್ಷಗಟ್ಟಲೆ ನಿಂತಿರುತ್ತಾರೆ. ಏದುಸಿರು ಬಿಡುತ್ತಲೇ ಕೆಲಸ ಮಾಡುತ್ತಿರುತ್ತಾರೆ.

ಹಾಗಾದರೆ ಸ್ರಾವವನ್ನೇ ಯಾವಾಗ ಪರೀಕ್ಷಿಸಬೇಕು? ಈ ಶಿಕ್ಷಕಿಯಂತೆ ಚಿಕಿತ್ಸೆಯ ನಂತರವೂ ಕೊರತೆ ಮರಳಿದರೆ ಖಂಡಿತ. ಎಂಟು ದಿನ ಮೀರಿದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ತುಂಬಿದರೆ, ಮುಟ್ಟಿನ ಮಧ್ಯೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ಕೂಡ. ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುವ ಹುಡುಗಿಗೆ ಮೂಗಿನಿಂದ ರಕ್ತ ಬರುತ್ತಾ, ಹಲ್ಲು ಕೀಳಿಸಿದಾಗ ನಿಲ್ಲಲಿಲ್ವಾ, ಮನೆಯಲ್ಲಿ ಯಾರಿಗಾದರೂ ಹೀಗಿದೆಯಾ ಎಂದು ಕೇಳುತ್ತೇನೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ವಾನ್ ವಿಲಿಬ್ರಾಂಡ್ ತೊಂದರೆ ಎಷ್ಟೋ ಸಲ ಹೀಗೇ ಪತ್ತೆಯಾಗುತ್ತದೆ. ನಲವತ್ತೈದು ದಾಟಿದವರಲ್ಲಿ, ತೂಕ ಜಾಸ್ತಿ ಇರುವವರಲ್ಲಿ ಅಥವಾ ಪಿಸಿಒಎಸ್ ಇರುವವರಲ್ಲಿ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುವುದನ್ನು ಯೋಚಿಸಲೇಬೇಕು. "ಮುಟ್ಟು ನಿಲ್ಲೋ ಸಮಯ, ಹೀಗೇ ಇರುತ್ತೆ" ಎಂದು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಹೆಂಗಸರು ಬರಲು ಹಿಂಜರಿಯುವುದು ಒಂದು ಭಯದಿಂದ: ಹೋದರೆ ಗರ್ಭಕೋಶ ತೆಗೆಸಿ ಅಂತಾರೆ. ಹೆಚ್ಚಿನವರಿಗೆ ಅದು ಬೇಕಾಗುವುದಿಲ್ಲ. ಈ ಶಿಕ್ಷಕಿಯ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಭಾಗಕ್ಕೆ ಚಾಚಿದ ಎರಡೂವರೆ ಸೆಂಟಿಮೀಟರ್ ಫೈಬ್ರಾಯ್ಡ್ ಗಡ್ಡೆ ಕಂಡಿತು. ಗೋಡೆಯ ಹೊರಗೆ ಇದಕ್ಕಿಂತ ದೊಡ್ಡದಿದ್ದರೂ ಸ್ರಾವ ಹೆಚ್ಚದೇ ಇರಬಹುದು. ಒಳಗೆ ಚಾಚಿದ್ದು ಚಿಕ್ಕದಾದರೂ ಸಾಕು. ಹೊಟ್ಟೆ ಕೊಯ್ಯದೆ, ಹಿಸ್ಟರೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯಿಂದ ಅದನ್ನು ತೆಗೆದೆವು. ಅಲ್ಲಿಯವರೆಗೆ ಮುಟ್ಟಿನ ದಿನಗಳಲ್ಲಿ ಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಟ್ಟಿದ್ದೆ. ಆದರೆ ಹಿಂದೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು ಇದನ್ನು ತೆಗೆದುಕೊಳ್ಳಬಾರದು. ಗಡ್ಡೆ ಇಲ್ಲದ ಎಷ್ಟೋ ಜನರಿಗೆ ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಸಾಧನವೇ ಸಾಕಾಗುತ್ತದೆ.

ಕಬ್ಬಿಣವನ್ನೂ ಜೊತೆಗೇ ಕೊಟ್ಟೆ. ದಿನಕ್ಕೊಂದು ಮಾತ್ರೆ, ಕಾಫಿ ಟೀಯಿಂದ ಒಂದು ಗಂಟೆ ದೂರ. ಹೊಟ್ಟೆಗೆ ಆಗದಿದ್ದರೆ ದಿನ ಬಿಟ್ಟು ದಿನ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಮುಂದುವರಿಸಿದೆವು.

ಎರಡು ಸಂದರ್ಭಗಳಲ್ಲಿ ಮಾತ್ರ ಕಾಯಬೇಡಿ. ಸತತ ಎರಡು ಗಂಟೆ ಗಂಟೆಗೊಂದು ಪ್ಯಾಡ್ ತೋಯ್ದು ತಲೆ ಸುತ್ತುತ್ತಿದ್ದರೆ, ಅಥವಾ ಗರ್ಭಿಣಿ ಇರಬಹುದೆಂಬ ಅನುಮಾನವಿದ್ದು ರಕ್ತ ಹೋಗುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣುವ ರಕ್ತ ಒಂದೇ ಹನಿಯಾದರೂ ಅದೇ ವಾರ ತೋರಿಸಿ.