ಕಪ್ಪು ಬಣ್ಣವೂ ಬಣ್ಣವೇ

"ಕೂದಲಿಗೆ ಈ ಮೊದಲು ಏನಾದರೂ ಬಣ್ಣ ಹಾಕಿದ್ದೀರಾ?"

"ಇಲ್ಲ ಮೇಡಂ, ಕಲರ್ ಗಿಲರ್ ಏನೂ ಹಾಕಿಲ್ಲ."

ಕಣತಲೆಯ ಹತ್ತಿರದ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ, ಅಲ್ಲಿಂದ ತುದಿಯವರೆಗೂ ಮಸಿಗಪ್ಪು. ಹುಟ್ಟಿದ ಕೂದಲು ಹಾಗಿರುವುದಿಲ್ಲ. ನಮ್ಮ ಕಪ್ಪು ಕೂದಲನ್ನು ಬಿಸಿಲಿಗೆ ಹಿಡಿದರೆ ಒಳಗೆಲ್ಲೋ ಕಂದು ಇಣುಕುತ್ತದೆ, ಇದರಲ್ಲಿ ಏನೂ ಇಣುಕುತ್ತಿಲ್ಲ. "ಇದು?" ಎಂದು ಕೇಳಿದರೆ ಬರುವ ಉತ್ತರ: "ಅಯ್ಯೋ, ಅದು ಕಲರ್ ಅಲ್ಲ. ಬಿಳಿಕೂದಲಿಗೆ ಬರೀ ಬ್ಲ್ಯಾಕ್ ಮೆಹಂದಿ."

ಮೈಸೂರಿನಲ್ಲಿ ಇಷ್ಟು ವರ್ಷ ಕತ್ತರಿ, ಬ್ರಷ್ ಹಿಡಿದ ಮೇಲೂ ಈ ಮಾತು ಕೇಳಿದಾಗ ನನಗೆ ಸುಸ್ತಾಗುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಕೆಂಪು, ಬಂಗಾರ, ನೀಲಿ ಹಾಕಿದರೆ ಬಣ್ಣ, ಕಪ್ಪಿಗೆ ಕಪ್ಪು ಹಾಕಿದರೆ ಅದು ಸ್ನಾನ ಮಾಡಿದ ಹಾಗೆ ಅಂದುಕೊಂಡಿರುತ್ತಾರೆ, ಅಷ್ಟೇ. ಆದರೆ ಮೊದಲ ಸಲ ಸಣ್ಣದೊಂದು ಬದಲಾವಣೆ ಮಾಡಿಕೊಳ್ಳಲು ಬರುವವರು ಕೇಳುವುದು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು. ಮುಖದ ಎರಡೂ ಬದಿಗೆ ತೆಳುವಾಗಿ ಬರುವ ಫೇಸ್ ಫ್ರೇಮಿಂಗ್ ಹೈಲೈಟ್ಸ್, ಇಲ್ಲವೇ ಮೇಲಿನ ಕೂದಲ ಕೆಳಗೆ ಅಡಗಿದ್ದು ತಲೆ ತಿರುಗಿಸಿದಾಗ ಮಾತ್ರ ಕಾಣುವ ಪೀಕಬೂ. ನಿಮ್ಮ ತಲೆಗೆ ಇವೆರಡರಲ್ಲಿ ಯಾವುದು ಆಗುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಆ ಕಪ್ಪು ಪ್ಯಾಕೆಟ್ಟೇ.

ಕಾರಣ ಇಷ್ಟು. ಬಣ್ಣ ಬಣ್ಣವನ್ನು ತೆಗೆಯುವುದಿಲ್ಲ. ಕಪ್ಪು ಸೀರೆಯನ್ನು ಜೇನುಬಣ್ಣದ ನೀರಲ್ಲಿ ಅದ್ದಿದರೆ ಅದು ಕಪ್ಪು ಸೀರೆಯಾಗಿಯೇ ಉಳಿಯುತ್ತದೆ. ಹಿಂದೆಂದೂ ಬಣ್ಣ ಕಾಣದ ಕೂದಲಾದರೆ, ಪೆರಾಕ್ಸೈಡ್ ಬೆರೆಸಿ ಹಚ್ಚುವ ಬಣ್ಣವೇ ಹುಟ್ಟುಗಪ್ಪನ್ನು ಕೊಂಚ ತಿಳಿಯಾಗಿಸಬಲ್ಲದು. ಈಗಾಗಲೇ ಹಾಕಿದ ಬಣ್ಣದ ಮೇಲೆ ಅದರ ಆಟ ನಡೆಯುವುದಿಲ್ಲ. ಅಲ್ಲಿ ಬ್ಲೀಚ್ ಪುಡಿಯೇ ಬೇಕು, ಅದೂ ಎಷ್ಟೋ ಸಲ ಸೋಲುತ್ತದೆ. ಕಪ್ಪು ಡೈ ಕೂದಲ ಒಳಗೆ ಹೋಗಿ ಅಲ್ಲೇ ಅರಳಿ ದೊಡ್ಡ ಕಣವಾಗುತ್ತದೆ, ಬಂದ ದಾರಿಯಲ್ಲಿ ವಾಪಸು ಹೋಗಲಾರದು. ಮೇಲಿಂದ ಮೇಲೆ ಹಚ್ಚಿದಂತೆ ಪದರದ ಮೇಲೆ ಪದರ ಕೂರುತ್ತದೆ. "ತಿಂಗಳ ಹಿಂದೆ ಹಾಕಿದ್ದು, ಈಗ ಹೋಗಿರುತ್ತೆ ಬಿಡಿ" ಎನ್ನುತ್ತಾರೆ. ಹೋಗುವುದಿಲ್ಲ. ಆ ಕೂದಲನ್ನು ಕತ್ತರಿಸುವವರೆಗೂ ಅದು ಅಲ್ಲೇ ಇರುತ್ತದೆ.

ನಮಗೆ ಬಿಳಿ ಮೊದಲು ಮೂಡುವುದು ಹೆಚ್ಚಾಗಿ ಕಣತಲೆ, ಹಣೆಯಂಚು, ಬೈತಲೆಯಲ್ಲಿ. ಪ್ಯಾಕೆಟ್ಟಿನ ಬಣ್ಣ ತಿಂಗಳು ತಿಂಗಳೂ ಬೀಳುವುದು ಅಲ್ಲಿಗೇ. ಫೇಸ್ ಫ್ರೇಮಿಂಗ್‌ಗೆ ಬೇಕಾದ ಕೂದಲೂ ಅದೇ. ಕಿವಿಯ ಹಿಂದೆ, ಕತ್ತಿನ ಮೇಲೆ, ಪೀಕಬೂ ಮಾಡುವ ಜಾಗದಲ್ಲಿ ಎಷ್ಟೋ ಜನರ ಕೂದಲು ಇನ್ನೂ ಹುಟ್ಟಿದ ಹಾಗೇ ಇರುತ್ತದೆ, ಅಲ್ಲಿಗೆ ಕೈ ಹೋಗಿಯೇ ಇರುವುದಿಲ್ಲ. ಒಂದೇ ತಲೆಯಲ್ಲಿ ಎರಡು ಜಾತಕ.

ಹೋದ ವರ್ಷ ಬಂದಿದ್ದ ಒಬ್ಬ ಶಾಲಾ ಶಿಕ್ಷಕಿಯ ತಲೆಯನ್ನೇ ಹೇಳುತ್ತೇನೆ. ನಲವತ್ತರ ಆಸುಪಾಸು. ಜೊತೆಗೆ ಪಿಯುಸಿ ಓದುವ ಮಗಳು, ಅವಳ ಮೊಬೈಲಿನಲ್ಲಿ ಒಂದು ಫೋಟೊ. ಮುಖದ ಎರಡೂ ಕಡೆ ಜೇನುಬಣ್ಣದ ಎಳೆಗಳು. "ಅಮ್ಮಂಗೆ ಇಷ್ಟೇ ಸಾಕು ಆಂಟಿ, ಬ್ಲೀಚ್ ಮಾತ್ರ ಬೇಡ" ಎಂದಳು. ಅಮ್ಮ ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಮುಂದಲೆಗೂ ಬೈತಲೆಗೂ ಬ್ಲ್ಯಾಕ್ ಮೆಹಂದಿ ಹಚ್ಚುತ್ತಿದ್ದರು. ಬುಡಕ್ಕೆ ಹಚ್ಚಿ ಅಲ್ಲಿಗೆ ನಿಲ್ಲಿಸದೆ, ಉಳಿದದ್ದನ್ನು ತುದಿಯವರೆಗೂ ಎಳೆಯುತ್ತಿದ್ದರು. ಎಲ್ಲರೂ ಮಾಡುವುದೇ.

ಲೆಕ್ಕ ಹಾಕಿ ನೋಡಿ. ಕೂದಲು ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳೆಯುತ್ತದೆ. ಅವರ ಮುಂದಲೆಯ ಕೂದಲು 36 ಸೆಂಟಿಮೀಟರ್. ಅಂದರೆ ತುದಿಯ ವಯಸ್ಸು ಸುಮಾರು 30 ತಿಂಗಳು, ಅದರ ಮೇಲೆ 30 ಸಲ ಕಪ್ಪು ಬಿದ್ದಿದೆ.

ಇಂಥ ಕಡೆ ನಾನು ಮಾತು ನಿಲ್ಲಿಸಿ ಕೂದಲನ್ನೇ ಕೇಳುತ್ತೇನೆ. ಮನೆಯಿಂದ ಪ್ಯಾಕೆಟ್ ತರಿಸಿದೆ. ಹೆಸರು ಮೆಹಂದಿ, ಹಿಂಬದಿಯ ಸಣ್ಣ ಅಕ್ಷರದಲ್ಲಿ ಪಿಪಿಡಿ ಎಂಬ ಡೈ ರಾಸಾಯನಿಕ. ಅಂದರೆ ಗೋರಂಟಿ ಸೊಪ್ಪಿನ ಪುಡಿ ಬೆರೆತ ಡೈ. ಬರೀ ಗೋರಂಟಿ ಸೊಪ್ಪು ಕೂದಲನ್ನು ಕಪ್ಪು ಮಾಡುವುದಿಲ್ಲ, ಕೇಸರಿಗೆಂಪು ಮಾಡುತ್ತದೆ. ಕಪ್ಪಾಯಿತೆಂದರೆ ಜೊತೆಗೆ ನೀಲಿಸೊಪ್ಪೋ ಡೈಯೋ ಲೋಹದ ಲವಣವೋ ಇದೆ ಎಂದೇ ಅರ್ಥ. ಲೋಹವಿದ್ದರೆ ಬ್ಲೀಚ್ ಅಪಾಯ. ಆದ್ದರಿಂದ ಮೊದಲು ಉದುರಿದ ನಾಲ್ಕು ಕೂದಲನ್ನು ಗಾಜಿನ ಬಟ್ಟಲಲ್ಲಿ ಪೆರಾಕ್ಸೈಡಿಗೆ ಕೆಲವು ಹನಿ ಅಮೋನಿಯಾ ಸೇರಿಸಿ ಅರ್ಧ ಗಂಟೆ ಬಿಟ್ಟೆ. ಬಟ್ಟಲು ಬಿಸಿಯಾದರೆ, ಗುಳ್ಳೆ ಎದ್ದರೆ, ಕೆಟ್ಟ ವಾಸನೆ ಬಂದರೆ ಅಲ್ಲಿಗೆ ಕೆಲಸ ಮುಗಿಯಿತು, ಆ ತಲೆಗೆ ಬ್ಲೀಚ್ ಮುಟ್ಟಿಸುವಂತಿಲ್ಲ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಹೀಗೆ ನೋಡದೆಯೇ, ಗಿರಾಕಿ ಹೇಳಿದ್ದನ್ನು ನಂಬಿ ಫಾಯಿಲ್ ಸುತ್ತಿದೆ. ಐದು ನಿಮಿಷಕ್ಕೆ ಫಾಯಿಲ್ ಕೈಗೆ ಚುರ್ರೆಂದಿತು. ಓಡಿಹೋಗಿ ತೊಳೆದರೂ ಕಣತಲೆಯ ಒಂದು ಗೊಂಚಲು ಬೆರಳಲ್ಲೇ ತುಂಡಾಗಿ ಬಂತು. ಆ ಹುಡುಗಿ ಅತ್ತದ್ದು ಇವತ್ತಿಗೂ ಕಿವಿಯಲ್ಲಿದೆ.

ಈ ಶಿಕ್ಷಕಿಯ ಬಟ್ಟಲು ತಣ್ಣಗೇ ಇತ್ತು. ಆಮೇಲೆ ಕಣತಲೆಯಿಂದ ಒಂದು, ಕಿವಿಯ ಹಿಂದಿನಿಂದ ಒಂದು, ತೆಳ್ಳಗಿನ ಎರಡು ಎಳೆ ಕತ್ತರಿಸಿ ದಾರ ಕಟ್ಟಿ, 1 ಪಾಲು ಬ್ಲೀಚ್ ಪುಡಿಗೆ 2 ಪಾಲು 20 ವಾಲ್ಯೂಮ್ ಡೆವಲಪರ್ ಬೆರೆಸಿ ಫಾಯಿಲಿನಲ್ಲಿಟ್ಟೆ. 20 ವಾಲ್ಯೂಮ್ ಎಂದರೆ ಶೇ. 6ರ ಪೆರಾಕ್ಸೈಡ್. ಬೇಗ ಆಗಲಿ ಎಂದು 40 ವಾಲ್ಯೂಮ್ ಎತ್ತಿಕೊಳ್ಳುವವರಿದ್ದಾರೆ, ಮೊದಲ ಸಲದ ಕೂದಲಿಗೆ ನಾನು ಎತ್ತುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ತೆರೆದು ನೋಡಿದೆವು. ಕಪ್ಪು ಕೂದಲು ತಿಳಿಯಾಗುವಾಗ ಕಂದುಗೆಂಪು, ತಾಮ್ರ, ಕಿತ್ತಳೆ, ಹಳದಿ ಎಂದು ಮೆಟ್ಟಿಲಿಳಿಯುತ್ತದೆ. ಕಿವಿಯ ಹಿಂದಿನ ಎಳೆ 20ನೇ ನಿಮಿಷಕ್ಕೆ ಸಮನಾದ ತಾಮ್ರಕ್ಕೆ ಬಂತು. ಕಣತಲೆಯ ಎಳೆ 40 ನಿಮಿಷ ಕಳೆದರೂ ನಡುವಿನಲ್ಲಿ ಇಟ್ಟಿಗೆಗೆಂಪು, ತುದಿಯಲ್ಲಿ ಹೆಚ್ಚುಕಡಿಮೆ ಕಪ್ಪು. ಒದ್ದೆ ಇರುವಾಗ ಎಳೆದರೆ ರಬ್ಬರಿನಂತೆ ಹಿಗ್ಗತೊಡಗಿತ್ತು. ಅಂದರೆ ಬಣ್ಣ ಹೋಗುವುದಕ್ಕಿಂತ ಮೊದಲೇ ಕೂದಲು ಸೋಲುತ್ತಿದೆ.

ಎರಡೂ ಎಳೆಗಳನ್ನು ತಾಯಿಯ ಅಂಗೈಯಲ್ಲಿಟ್ಟೆ. "ಇದು ನಾನೇ ಮಾಡಿಕೊಂಡಿದ್ದಾ?" ಎಂದು ಮೆಲ್ಲಗೆ ಕೇಳಿದರು. ನೀವು ತಪ್ಪು ಮಾಡಿಲ್ಲ ಅಂದೆ. ನಿಜವಾಗಿಯೂ ತಪ್ಪಲ್ಲ. ಆ ಪ್ಯಾಕೆಟ್ ಬಿಳಿ ಮುಚ್ಚುತ್ತೇನೆ ಎಂದಿತ್ತು, ಮುಚ್ಚಿತು.

ಅವತ್ತು ಮುಂದಲೆ ಮುಟ್ಟಲಿಲ್ಲ. 48 ಗಂಟೆಯ ಪ್ಯಾಚ್ ಟೆಸ್ಟಿಗಾಗಿ ಕಿವಿಯ ಹಿಂದೆ ಒಂದಿಷ್ಟು ಬಣ್ಣ ಹಚ್ಚಿ ಕಳಿಸಿ, ತುರಿಕೆ ಏನೂ ಬರದ್ದು ನೋಡಿ, ನಾಲ್ಕನೇ ದಿನ ಪೀಕಬೂ ಮಾಡಿದೆ. ಜಾಗ ಗುರುತಿಸುವ ಮುನ್ನ, "ನೀವು ಶಾಲೆಗೆ ಹೋಗುವಾಗ ಹೇಗೆ ಹಾಕುತ್ತೀರೋ ಹಾಗೇ ಜಡೆ ಹಾಕಿಕೊಳ್ಳಿ" ಅಂದೆ. ಬಿಟ್ಟ ಕೂದಲಲ್ಲಿ ಅಡಗುವುದೆಲ್ಲ ಜಡೆಯಲ್ಲಿ ಅಡಗುವುದಿಲ್ಲ. ಅವರು ತುರುಬನ್ನೂ ಕಟ್ಟುತ್ತಾರೆ. ಆದ್ದರಿಂದ ಮೇಲಿನ ಗೆರೆಯನ್ನು ತಲೆಯ ಹಿಂದಿನ ಉಬ್ಬು ಮೂಳೆಗಿಂತ ಕೆಳಗೇ ನಿಲ್ಲಿಸಿ, ಹೆಕ್ಕತ್ತಿನ ಅಂಚಿನಲ್ಲೂ ಕಿವಿಯ ಸುತ್ತಲೂ ಒಂದು ಬೆರಳಗಲ ಕಪ್ಪನ್ನು ಹಾಗೇ ಬಿಟ್ಟೆ. ತುರುಬು ಕಟ್ಟಿದಾಗ ಆ ಅಂಚು ಬಣ್ಣವನ್ನು ಮುಚ್ಚುತ್ತದೆ. ಜಡೆ ಹೆಣೆದರೆ ಒಂದು ಕಾಲಿನಲ್ಲಿ ಮಾತ್ರ ಗೆರೆಯಂತೆ ಮಿನುಗುತ್ತದೆ. ನೆತ್ತಿಯ ಬಿಸಿಗೆ ಬುಡ ಬೇಗ ತಿಳಿಯಾಗಿಬಿಡುವುದರಿಂದ ಮೊದಲು ಉದ್ದಕ್ಕೆ ಹಚ್ಚಿ, ಬುಡಕ್ಕೆ ಕೊನೆಯಲ್ಲಿ ಹಚ್ಚಿದೆ.

ಬಣ್ಣ ವೈನ್ ಕೆಂಪು. ಜೇನುಬಣ್ಣ ಬೇಕೆಂದರೆ ಕಿತ್ತಳೆಯನ್ನೂ ದಾಟಿ ಹಳದಿಯ ಹತ್ತಿರ ಹೋಗಬೇಕಿತ್ತು. ವೈನ್ ಕೆಂಪಿಗೆ ತಾಮ್ರದ ಮೆಟ್ಟಿಲೇ ಸಾಕು, ಒಳಗಿನ ಕೆಂಪು ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಮಗಳಿಗೆ ನೀಲಿ ಆಸೆ ಇತ್ತು. ತಾಮ್ರದ ಮೇಲೆ ನೀಲಿ ಹಾಕಿದರೆ ಕೆಸರಾಗುತ್ತದೆ, ಹಳದಿಯ ಮೇಲೆ ಹಾಕಿದರೆ ಹಸಿರಾಗುತ್ತದೆ. ನೀಲಿ ನೀಲಿಯಾಗಿಯೇ ಕಾಣಬೇಕಾದರೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಷ್ಟು ಬಿಳುಪಿಗೆ ಹೋಗಬೇಕು. ಮೊದಲ ಬದಲಾವಣೆಗೆ ಅಷ್ಟು ದೂರ ಹೋಗಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಕಳಿಸುವಾಗ ಎರಡು ಮಾತು ಹೇಳಿದೆ. ಪೀಕಬೂ ಕತ್ತಿಗೆ ತಾಗಿಯೇ ಇರುವುದರಿಂದ ಮೊದಲ ಕೆಲವು ವಾರ ಬೆವರಿಗೆ ಕೆಂಪು ಇಳಿದು ರವಿಕೆಯ ಕತ್ತಿಗೆ, ದಿಂಬಿನ ಬಟ್ಟೆಗೆ ಹತ್ತುತ್ತದೆ, ಬಿಳಿ ಬೇಡ. ಇನ್ನೊಂದು, ಎಣ್ಣೆ ಹಚ್ಚಿ ಸುಡುನೀರಲ್ಲಿ ಸೀಗೆಪುಡಿ ಉಜ್ಜುವ ಸ್ನಾನ ಈ ಕೆಂಪನ್ನು ಬೇಗ ತೊಳೆದುಬಿಡುತ್ತದೆ. ಎಣ್ಣೆ ಬಿಡಲಾಗದಿದ್ದರೆ ಬಿಡಬೇಡಿ, ನೀರು ಉಗುರುಬೆಚ್ಚಗಿರಲಿ.

ಮುಂದಲೆಗೆ ಬೇರೆ ದಾರಿ ಹಿಡಿದೆವು. ಬಿಳಿಕೂದಲಿಗೆ ಬ್ಲೀಚ್ ಬೇಕಾಗಿಲ್ಲ, ಅದರಲ್ಲಿ ತೆಗೆಯಬೇಕಾದ ಕಪ್ಪೇ ಇಲ್ಲ. ಅದಕ್ಕೆ ತಿಳಿಕಂದು ಹಚ್ಚಿದರೆ ಅದೇ ಹೈಲೈಟ್. ಎಷ್ಟೋ ಹೆಂಗಸರು ತಲೆಯಲ್ಲಿ ತಾನಾಗಿ ಮೂಡುತ್ತಿರುವ ಫೇಸ್ ಫ್ರೇಮಿಂಗ್ ಅನ್ನು ತಿಂಗಳು ತಿಂಗಳೂ ಕಪ್ಪು ಬಳಿದು ಮುಚ್ಚುತ್ತಿದ್ದಾರೆ. ಎರಡೂ ಕಣತಲೆಯಲ್ಲಿ ಬಿಳಿ ದಟ್ಟವಾಗಿದ್ದ ಕಡೆ ಬಾಚಣಿಗೆಯ ತುದಿಯಿಂದ ನಾಲ್ಕು ನಾಲ್ಕು ತೆಳುವಾದ ಎಳೆ ಆರಿಸಿ, "ಇಷ್ಟಕ್ಕೆ ಮಾತ್ರ ಪ್ಯಾಕೆಟ್ ಮುಟ್ಟಿಸಬೇಡಿ, ಮಿಕ್ಕದ್ದು ನಿಮ್ಮಿಷ್ಟ" ಅಂದೆ. ಆ ಎಳೆಗಳ ಬುಡಕ್ಕೆ ಆರು ವಾರಕ್ಕೊಮ್ಮೆ ಅಮೋನಿಯಾ ಇಲ್ಲದ ತಿಳಿಕಂದು ಡೆಮಿ ಬಣ್ಣ. ಅದು ಮೇಲ್ಮಟ್ಟದಲ್ಲೇ ನಿಂತು ನಿಧಾನವಾಗಿ ಮಾಸುತ್ತದೆ, ಕಪ್ಪಿನಂತೆ ಗಡ್ಡೆ ಕಟ್ಟುವುದಿಲ್ಲ.

ಇದರ ಕಷ್ಟವನ್ನೂ ಮುಚ್ಚಿಡಲಿಲ್ಲ. ಮೊದಲ ತಿಂಗಳುಗಳಲ್ಲಿ ಬುಡ ತಿಳಿ, ತುದಿ ಕಪ್ಪು, ನೋಡಲು ತಿರುಗಾಮುರುಗಾ ಅನ್ನಿಸುತ್ತದೆ. ಎಳೆ ತೆಳುವಾಗಿದ್ದರೆ ಮಾತ್ರ ಅದು ಕಣ್ಣಿಗೆ ಹೊಡೆಯುವುದಿಲ್ಲ. ಮುಂದಲೆಯನ್ನು ಕೆನ್ನೆಮೂಳೆಯ ಮಟ್ಟಕ್ಕೆ, ಸುಮಾರು 18 ಸೆಂಟಿಮೀಟರಿಗೆ ಕತ್ತರಿಸಿ, ಆಗಾಗ ತುದಿ ತೆಗೆದು ಅಷ್ಟಕ್ಕೇ ಇಟ್ಟುಕೊಂಡರೆ ಪೂರ್ತಿ ಹೊಸ ಕೂದಲು ಬರಲು ಹದಿನೈದು ತಿಂಗಳು ಸಾಕು, ಈಗಿನ ಉದ್ದವೇ ಬೇಕೆಂದರೆ ಎರಡೂವರೆ ವರ್ಷ. ಬಿಳಿ ಅಲ್ಲೊಂದು ಇಲ್ಲೊಂದು ಇರುವ ತಲೆಗೆ ಈ ದಾರಿ ಆಗುವುದೂ ಇಲ್ಲ. ಮುಂದಲೆ ಕತ್ತರಿಸಲು ಅವರು ಹಸಿರು ನಿಶಾನೆ ತೋರಿದ್ದು ಒಂದು ವಾರ ಯೋಚಿಸಿದ ಮೇಲೆ.

ಮೊನ್ನೆ ಹತ್ತನೇ ತಿಂಗಳು. ಬುಡದಿಂದ ಅಳೆದರೆ 12 ಸೆಂಟಿಮೀಟರ್ ತಿಳಿಕಂದು, ಕೆಳಗೆ ಉಳಿದ ಕಪ್ಪು ನಾಲ್ಕು ಬೆರಳಿಗೂ ಕಡಿಮೆ. ಅದರಲ್ಲಿ ಎರಡು ಬೆರಳಿನಷ್ಟನ್ನು ಕತ್ತರಿಸಿದೆ. ಮಗಳು ಪಕ್ಕದಲ್ಲಿ ನಿಂತು ಹಳೆಯ ಫೋಟೊ ತೆಗೆದು ಕನ್ನಡಿಯ ಪಕ್ಕ ಹಿಡಿದಳು. ತಾಯಿ ಅದನ್ನು ನೋಡದೆ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಕಣತಲೆಯ ಎಳೆಗಳನ್ನು ಕಿವಿಯ ಹಿಂದಕ್ಕೆ ಸರಿಸಿ ಮತ್ತೆ ಮುಂದಕ್ಕೆ ತಂದುಕೊಂಡರು.