ರಿಂಗಿನ ನಾಲ್ಕನೇ ಮೂಲೆ

ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮ ಅಕ್ಕ-ಭಾವ ಮನೆ ಕಟ್ಟಿಸುತ್ತಿದ್ದಾರೆ. ಹೋದ ಭಾನುವಾರ ಅಲ್ಲಿಗೆ ಹೋದಾಗ ಪಿಲ್ಲರಿನ ರಿಂಗಿಗೆ ಕಂಬಿ ಕತ್ತರಿಸುತ್ತಿದ್ದರು. ಬಗ್ಗಿಸುವ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 1104 ಎಂದು ಬರೆದಿತ್ತು.

"ಈ ಲೆಕ್ಕ ಹೇಗೆ ಬಂತು ಮೇಸ್ತ್ರಿ?" ಎಂದೆ.

"ಬಿಬಿಎಸ್‌ನಲ್ಲಿ ಹಾಗೇ ಬರೆದುಕೊಟ್ಟಿದ್ದಾರೆ ಸಾರ್. ನಾವು ಅಷ್ಟಕ್ಕೇ ಕತ್ತರಿಸೋದು."

ಬಿಬಿಎಸ್ ಅಂದರೆ ಬಾರ್ ಬೆಂಡಿಂಗ್ ಷೆಡ್ಯೂಲ್. ಯಾವ ಕಂಬಿ, ಎಷ್ಟು ದಪ್ಪ, ಯಾವ ಆಕಾರ, ಎಷ್ಟು ಉದ್ದಕ್ಕೆ ಕತ್ತರಿಸಬೇಕು ಅನ್ನುವ ಪಟ್ಟಿ. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ, ನಾವು ರಿಂಗ್ ಅನ್ನುವುದನ್ನು ಅದರಲ್ಲಿ ಸ್ಟಿರಪ್ ಎಂದು ಬರೆದಿರುತ್ತಾರೆ. 1104 ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು, ಏಕೆಂದರೆ ಕಾಲೇಜಿನಲ್ಲಿ ನಾನೂ ಆ ಸೂತ್ರವನ್ನು ಬಾಯಿಪಾಠ ಮಾಡಿದವನೇ. ಆಗ ಪ್ರಶ್ನೆ ಕೇಳಿರಲಿಲ್ಲ.

ಪಿಲ್ಲರು 230 ಬೈ 450 ಮಿಲಿಮೀಟರ್. ನಮ್ಮ ಮಾತಿನಲ್ಲಿ ಒಂಬತ್ತು ಬೈ ಹದಿನೆಂಟು ಇಂಚು. ರಿಂಗಿನ ಹೊರಮೈಗೂ ಕಾಂಕ್ರೀಟಿನ ಹೊರಮೈಗೂ ನಡುವೆ ನಾಲ್ಕೂ ಕಡೆ 40 ಮಿ.ಮೀ. ಕವರ್ ಬಿಡಬೇಕು. ಅದನ್ನು ಕಳೆದರೆ ರಿಂಗಿನ ಹೊರ ಅಳತೆ 150 ಬೈ 370. ಸುತ್ತಳತೆ 1040. ಕಂಬಿ 8 ಮಿ.ಮೀ. ದಪ್ಪದ್ದು. ಸೈಟಿನಲ್ಲಿ ದಪ್ಪವನ್ನು 'ಡಿ' ಅನ್ನುತ್ತಾರೆ. ಚಾಲ್ತಿಯಲ್ಲಿರುವ ಸೂತ್ರ ಹೀಗೆ: ಸುತ್ತಳತೆಗೆ ಕಂಬಿಯ ಎರಡು ತುದಿಯ ಕೊಕ್ಕೆಗಳಿಗೆಂದು 10ಡಿಯಂತೆ ಕೂಡಿಸಿ, ಮೂರು 90 ಡಿಗ್ರಿ ಬಾಗಿಗೆ 2ಡಿಯಂತೆ ಕಳೆಯಿರಿ, ಎರಡು 135 ಡಿಗ್ರಿ ಬಾಗಿಗೆ 3ಡಿಯಂತೆ ಕಳೆಯಿರಿ.

```
1040 + 2×80 − 3×16 − 2×24 = 1104
```

ಮೊದಲು ಆ 2ಡಿ ಯಾಕೆ ಕಳೆಯುವುದು ಅಂತ ನೋಡೋಣ. ಗದ್ದೆಯ ಬದುವಿನ ಮೇಲೆ ನಡೆಯುವವರು ಮೂಲೆಯ ತುದಿವರೆಗೂ ಹೋಗಿ ತಿರುಗುವುದಿಲ್ಲ, ಸ್ವಲ್ಪ ಒಳಗಿನಿಂದಲೇ ಹಾಯುತ್ತಾರೆ. ಕಂಬಿಯೂ ಹಾಗೆಯೇ. ನಾವು ಅಳೆಯುವುದು ಚೂಪಾದ ಹೊರಮೂಲೆಯನ್ನು. ಕಂಬಿ ಹೋಗುವುದು ಗುಂಡಗೆ.

ಬಗ್ಗಿಸುವ ಪಿನ್ನು 32 ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. ಬಾಗಿನ ಒಳ ತ್ರಿಜ್ಯ 16 ಆಯಿತು. ಬಾಗು ಶುರುವಾಗುವ ಜಾಗದಿಂದ ಹೊರಮೂಲೆಗೆ 24, ಅಲ್ಲಿಂದ ಬಾಗು ಮುಗಿಯುವಲ್ಲಿಗೆ ಮತ್ತೆ 24. ಕಾಗದದ ಲೆಕ್ಕದಲ್ಲಿ 48. ಕಂಬಿಯ ನಡುಗೆರೆ ಮಾತ್ರ 20 ಮಿ.ಮೀ. ತ್ರಿಜ್ಯದ ಕಾಲು ವೃತ್ತ. ಅದರ ಉದ್ದ 31 ಚಿಲ್ಲರೆ. ವ್ಯತ್ಯಾಸ ಸುಮಾರು 16.5, ಅಂದರೆ ಹೆಚ್ಚುಕಡಿಮೆ 2ಡಿ. ಸೂತ್ರ ಇಲ್ಲಿ ಸರಿಯಾಗಿಯೇ ಇದೆ. ಪಿನ್ನು ಸಣ್ಣದಾದರೆ ಬಾಗು ಬಿಗಿಯಾಗುತ್ತದೆ, ಕಳೆಯಬೇಕಾದದ್ದೂ ಕಡಿಮೆಯಾಗುತ್ತದೆ. 16 ಮಿ.ಮೀ. ಪಿನ್ನಾದರೆ 1.6ಡಿಯಷ್ಟೇ. ಮೂರು ಮೂಲೆ ಸೇರಿಸಿದರೂ ಹತ್ತು ಮಿ.ಮೀ. ಹೆಚ್ಚುಕಡಿಮೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೊಂದರೆ ಇರುವುದು ನಾಲ್ಕನೇ ಮೂಲೆಯಲ್ಲಿ. ಕಂಬಿಯ ಎರಡು ತುದಿಗಳೂ ಬಂದು ಸೇರುವುದು ಅಲ್ಲೇ. ಎರಡೂ 135 ಡಿಗ್ರಿ ಬಗ್ಗಿ ಪಿಲ್ಲರಿನ ಒಳಗೆ ನುಗ್ಗುತ್ತವೆ.

ಅಲ್ಲಿ ಒಂದು ತುದಿಯನ್ನು ಮಾತ್ರ ನೋಡಿ. ಬಾಗು ಶುರುವಾದ ಜಾಗದಿಂದ ರಿಂಗಿನ ಹೊರಮೈವರೆಗೆ 24 ಮಿ.ಮೀ. ಸುತ್ತಳತೆಯ 1040ರಲ್ಲಿ ಎಣಿಸಿರುವುದು ಅಷ್ಟನ್ನೇ. ಆದರೆ 135 ಡಿಗ್ರಿ ಸುತ್ತಿ ಬರಲು ಕಂಬಿಗೆ 47 ಮಿ.ಮೀ. ಬೇಕು. ಅಂದರೆ ಈ ಮೂಲೆಯಲ್ಲಿ ಪ್ರತಿ ತುದಿಗೂ 23 ಮಿ.ಮೀ. ಕೂಡಿಸಬೇಕು. ಸೂತ್ರ ನೋಡಿದರೆ 24 ಕಳೆಯುತ್ತದೆ! ಕೂಡಿಸುವ ಕಡೆ ಕಳೆದರೆ ಏನಾಗುತ್ತದೆ? ಕೊಕ್ಕೆಗೆಂದು ಇಟ್ಟ 80ರಲ್ಲಿ 24 ಸೂತ್ರ ನುಂಗಿತು, ಇನ್ನು 23 ಬಾಗು ನುಂಗಿತು. ನೇರವಾದ ಬಾಲಕ್ಕೆ ಉಳಿದದ್ದು ಬರೀ 33.

10ಡಿಯಲ್ಲಿ ಬಾಗಿನ ಪಾಲೂ ಸೇರಿದೆ ಅಂತ ಕೆಲವರು ವಾದಿಸುತ್ತಾರೆ. ಇರಲಿ. ಹಾಗಿದ್ದರೆ ಅದೇ ಬಾಗಿಗಾಗಿ ಮತ್ತೆ 3ಡಿ ಕಳೆಯುವುದು ಯಾಕೆ? ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ ಕಟ್ಟಿದ ಹಾಗೆ ಆಯಿತು.

ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ ಐಎಸ್ 456 ಪ್ರಕಾರ 135 ಡಿಗ್ರಿ ಬಾಗಿನ ಆಚೆ ಕನಿಷ್ಠ 6ಡಿ ಬಾಲ ಬೇಕು. ನಮ್ಮ ಕಂಬಿಗೆ 48 ಮಿ.ಮೀ. ಭೂಕಂಪಕ್ಕೆಂದೇ ಇರುವ ಐಎಸ್ 13920, 2016ರ ಆವೃತ್ತಿಯಲ್ಲಿ, 6ಡಿ ಬೇಕು, ಆದರೆ 65 ಮಿ.ಮೀ.ಗಿಂತ ಕಡಿಮೆ ಇರಬಾರದು ಅನ್ನುತ್ತದೆ. ನಮ್ಮ 33 ಎರಡರಲ್ಲೂ ಫೇಲು. ಬಾಲ ಯಾಕೆ ಅಂದರೆ, ಪಿಲ್ಲರಿಗೆ ಜಾಸ್ತಿ ಹೊರೆ ಬಿದ್ದು ಹೊರಗಿನ ಕವರ್ ಉದುರಿದಾಗ ರಿಂಗು ಬಿಚ್ಚಿಕೊಳ್ಳದಂತೆ ಹಿಡಿಯುವುದು ಒಳಗಿನ ಕಾಂಕ್ರೀಟಿನಲ್ಲಿ ಹುದುಗಿದ ಆ ತುಂಡೇ. ರಿಂಗ್ ಬಿಚ್ಚಿದರೆ ಉದ್ದ ಕಂಬಿಗಳು ಹೊರಕ್ಕೆ ಬಾಗುತ್ತವೆ.

ಇಷ್ಟೆಲ್ಲ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? "ಒಂದು ಬಗ್ಗಿಸಿ ನೋಡೋಣ ಮೇಸ್ತ್ರಿ" ಎಂದೆ. ಬಗ್ಗಿಸಿದರು. ಬಾಗು ಮುಗಿದು ಕಂಬಿ ನೇರವಾಗುವ ಜಾಗದಿಂದ ತುದಿವರೆಗೆ ಟೇಪ್ ಹಿಡಿದೆವು. ಒಂದು ಕಡೆ 35, ಇನ್ನೊಂದು ಕಡೆ 30. ಕೈಯಲ್ಲಿ ಬಗ್ಗಿಸುವಾಗ ಒಂದಕ್ಕೊಂದು ಚೂರು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಇಲ್ಲೊಂದು ಎಚ್ಚರಿಕೆ: ಸುಮ್ನೆ ಕೊಕ್ಕೆಯ ಹೊರಗಿನಿಂದ ಅಳೆದರೆ ಬಾಗೂ ಸೇರಿಕೊಂಡು ಉದ್ದ ಸಾಕಷ್ಟಿದೆ ಅನ್ನಿಸುತ್ತದೆ. ಮೋಸ ಹೋಗುವುದು ಅಲ್ಲೇ.

ಹಾಗಾದರೆ ಎಷ್ಟಕ್ಕೆ ಕತ್ತರಿಸಬೇಕು? ಬಾಲ 65 ಇರಲಿ ಅಂದರೆ:

```
1040 − 3×16.5 + 2×(23 + 65) ≈ 1166
```

ಭಾವ ಅಲ್ಲೇ ನಿಂತಿದ್ದರು. "ಒಂದೊಂದು ರಿಂಗಿಗೆ ಆರು ಸೆಂಟಿಮೀಟರ್ ಜಾಸ್ತಿಯಾಯ್ತಲ್ಲೋ! ಇನ್ನೂರೈವತ್ತು ರಿಂಗಿಗೆ ಎಷ್ಟು ಕಂಬಿ ಹೋಗುತ್ತೆ?" ಅಂದರು. ಒಳ್ಳೆಯ ಪ್ರಶ್ನೆಯೇ. 250 ರಿಂಗಿಗೆ 15 ಮೀಟರ್ ಮೇಲೆ ಬರುತ್ತದೆ. ತೂಕಕ್ಕೆ ಆರು ಕೆ.ಜಿ. ಆದರೆ ಅದು ಕಾಗದದ ಲೆಕ್ಕ. ಕಂಬಿ ಅಂಗಡಿಯಿಂದ ಬರುವುದು 12 ಮೀಟರ್ ಉದ್ದದಲ್ಲಿ. 1104ರಂತೆ ಕತ್ತರಿಸಿದರೆ ಹತ್ತು ತುಂಡು ಬಂದು 96 ಸೆಂಟಿಮೀಟರ್ ಉಳಿಯುತ್ತದೆ. ಹನ್ನೊಂದನೇ ರಿಂಗಿಗೆ ಅದು ಸಾಲುವುದಿಲ್ಲ. 1166ರಂತೆ ಕತ್ತರಿಸಿದರೂ ಹತ್ತೇ ತುಂಡು, ಉಳಿಯುವುದು 34 ಸೆಂಟಿಮೀಟರ್. ಎರಡಕ್ಕೂ 25 ಕಂಬಿಯೇ ಬೇಕು. ಚಿಕ್ಕದಾಗಿ ಕತ್ತರಿಸಿ ಉಳಿಸಿದ್ದು ಮೂಲೆಯಲ್ಲಿ ಬಿದ್ದಿರುವ ತುಂಡುಗಳ ರಾಶಿ ಮಾತ್ರ.

ಹಾಗಿದ್ದರೆ ಬಾಲವನ್ನು 80ಕ್ಕೇ ಬಿಟ್ಟು 1196ಕ್ಕೆ ಕತ್ತರಿಸಿದರೆ ತುಂಡೇ ಉಳಿಯುವುದಿಲ್ಲವಲ್ಲ ಅಂತ ನನಗೆ ಆಸೆಯಾಯಿತು. ಮೇಸ್ತ್ರಿ ಒಪ್ಪಲಿಲ್ಲ. "ಒಂಬತ್ತು ಇಂಚಿನ ಪಿಲ್ಲರು ಸಾರ್. ಒಳಗೆ ಅಷ್ಟುದ್ದ ಕೊಕ್ಕೆ ಬಂದರೆ ವೈಬ್ರೇಟರ್ ಸೂಜಿ ಎಲ್ಲಿ ಇಳಿಯುತ್ತೆ?" ಅವರ ಮಾತು ನಿಜ. ಕಾಂಕ್ರೀಟ್ ಗಟ್ಟಿಯಾಗಿ ಕೂರಲು ಆ ಸೂಜಿ ಒಳಗೆ ಇಳಿಯಲೇಬೇಕು. ರಿಂಗಿನ ಒಳಗೆ ಸಿಗುವುದು 134 ಮಿ.ಮೀ. ಅಗಲ, ಅದರಲ್ಲಿ ಉದ್ದ ಕಂಬಿಗಳೂ ಇರಬೇಕು. ಜೊತೆಗೆ ಎಲ್ಲ ಕಂಬಿಯೂ ಸರಿಯಾಗಿ 12 ಮೀಟರ್ ಇರುತ್ತದೆ ಅನ್ನುವ ನೆಚ್ಚಿಕೆ ಇಲ್ಲ. ಒಂದು ಗೇಣು ಕಡಿಮೆ ಬಂದರೂ ಹತ್ತನೆಯದು ಹೋಯಿತು.

ಕೊನೆಗೆ 1104 ಒರೆಸಿ 1170 ಎಂದು ಬರೆದರು. ಆ ಅಳತೆಗೆ ಕತ್ತರಿಸಿದ ಮೊದಲನೆಯದನ್ನು ಬಗ್ಗಿಸಿ ಟೇಪ್ ಹಿಡಿದರು. 68, 66. ಉಳಿದ ಒಂದಡಿ ತುಂಡುಗಳನ್ನು ಸ್ಲ್ಯಾಬಿನ ಕಂಬಿಯನ್ನು ಎತ್ತಿ ಹಿಡಿಯುವ ಚೇರ್ ಮಾಡಲು ಬೇಕೆಂದು ಹುಡುಗ ಬೇರೆ ಕಡೆ ಒಟ್ಟತೊಡಗಿದ.